ಹೊಸದಾಗಿ ಏನನ್ನೂ ಚಿತ್ರೀಕರಿಸದೆ: ಇರುವ ಕ್ಲಿಪ್‌ಗಳಿಂದಲೇ ವಿಜ್ಞಾನ ಪ್ರಾಜೆಕ್ಟ್ ವಿಡಿಯೊದ ಸ್ಟೋರಿಬೋರ್ಡ್

ಸಾಮಾನ್ಯವಾಗಿ ಸ್ಟೋರಿಬೋರ್ಡ್ ಬರೆಯುವವರು ಮೊದಲು ಕಥೆಯನ್ನು ಯೋಚಿಸಿ, ಒಂದೊಂದು ದೃಶ್ಯದ ಚಿತ್ರ ಬಿಡಿಸಿಕೊಂಡು, ಆಮೇಲೆ ಅದರಂತೆ ಚಿತ್ರೀಕರಿಸುತ್ತಾರೆ. ಶಾಲೆಗಳಲ್ಲಿ ನಡೆಯುವುದು ಬಹುಮಟ್ಟಿಗೆ ಇದರ ತಿರುವುಮುರುವು. ಜುಲೈನಲ್ಲಿ ಪ್ರಯೋಗ ಮಾಡುವಾಗ ಮಕ್ಕಳು ಕೈಗೆ ಸಿಕ್ಕ ಫೋನಿನಲ್ಲಿ ತೋಚಿದ್ದನ್ನೆಲ್ಲ ಚಿತ್ರೀಕರಿಸಿರುತ್ತಾರೆ, ನವೆಂಬರಿನಲ್ಲಿ ವಿಜ್ಞಾನ ವಸ್ತುಪ್ರದರ್ಶನಕ್ಕೆ ವಿಡಿಯೊ ಬೇಕೆಂಬ ಸೂಚನೆ ಬರುತ್ತದೆ. ಅಷ್ಟರಲ್ಲಿ ಪ್ರಯೋಗದ ಜಾಗವಾಗಲಿ ಮಣ್ಣಾಗಲಿ ಮೊದಲಿನಂತೆ ಉಳಿದಿರುವುದಿಲ್ಲ. ಬೆಂಗಳೂರಿನ ದಕ್ಷಿಣ ಭಾಗದ ಒಂದು ಪ್ರೌಢಶಾಲೆಯ ಎಂಟನೆಯ ತರಗತಿಯ ಮಕ್ಕಳೊಂದಿಗೆ ನಾನು ಇಂಥದೇ ಒಂದು ಸ್ಟೋರಿಬೋರ್ಡ್ ಮಾಡಿಸಿದೆ. ಪ್ರಯೋಗ ನಡೆದಿದ್ದ ಮೈದಾನದ ಮೂಲೆಗೆ ಆ ಹೊತ್ತಿಗೆ ಇಂಟರ್‌ಲಾಕ್ ಇಟ್ಟಿಗೆ ಹಾಸಲಾಗಿತ್ತು, ಆದ್ದರಿಂದ ಮತ್ತೆ ಚಿತ್ರೀಕರಿಸುವ ಮಾತೇ ಇರಲಿಲ್ಲ. ಆ ಕೆಲಸದ ಕ್ರಮವನ್ನು ಅದೇ ಉದಾಹರಣೆಯೊಂದಿಗೆ ಇಲ್ಲಿ ವಿವರಿಸುತ್ತೇನೆ.

ಮಕ್ಕಳು ಮಾಡಿದ್ದು ಮಣ್ಣಿನಲ್ಲಿ ನೀರು ಎಷ್ಟು ವೇಗವಾಗಿ ಇಂಗುತ್ತದೆ ಎಂಬುದನ್ನು ಅಳೆಯುವ ಪ್ರಯೋಗ. ಸುಮಾರು 5 ಸೆಂ.ಮೀ. ವ್ಯಾಸದ, 20 ಸೆಂ.ಮೀ. ಉದ್ದದ ಪಿವಿಸಿ ಪೈಪನ್ನು ನೆಲದೊಳಕ್ಕೆ 2 ಸೆಂ.ಮೀ. ಇಳಿಸಿ, ಅದರೊಳಗೆ 200 ಮಿ.ಲೀ. ನೀರನ್ನು ನಿಧಾನವಾಗಿ ಸುರಿದು, ನೀರು ಪೂರ್ತಿ ಇಂಗಲು ಎಷ್ಟು ನಿಮಿಷ ಬೇಕಾಯಿತೆಂದು ನೋಡಬೇಕು. ನೀರಿನ ಪ್ರಮಾಣವನ್ನು ನಿಮಿಷಗಳಿಂದ ಭಾಗಿಸಿದರೆ ಇಂಗುವಿಕೆಯ ದರ ಸಿಗುತ್ತದೆ. ಇದನ್ನು ಮೂರು ಕಡೆ ಮಾಡಿದ್ದರು: ಗೊಬ್ಬರ ಹಾಕಿ ಅಗೆದಿದ್ದ ಹೂವಿನ ಪಾತಿಯಲ್ಲಿ, ಹೊಂಗೆ ಮರದ ಕೆಳಗೆ ಮತ್ತು ಆಟದ ಮೈದಾನದಲ್ಲಿ. ಮೂರು ಫೋನುಗಳಲ್ಲಿ ಒಟ್ಟು 31 ಕ್ಲಿಪ್‌ಗಳಿದ್ದವು.

ಮೊದಲನೆಯ ಹೆಜ್ಜೆ: ಕ್ಲಿಪ್‌ಗಳನ್ನು ಒಂದೆಡೆ ತಂದು, ಹೆಸರು ಬದಲಿಸದೆ ಇಡುವುದು

ಎಲ್ಲ ಕ್ಲಿಪ್‌ಗಳನ್ನೂ ಕೇಬಲ್ ಮೂಲಕ ಅಥವಾ ಡ್ರೈವ್ ಮೂಲಕ ಒಂದೇ ಕಂಪ್ಯೂಟರಿನ ಒಂದೇ ಫೋಲ್ಡರಿಗೆ ತನ್ನಿ. ಮೂಲ ಫೈಲಿನ ಹೆಸರನ್ನು ಬದಲಿಸಬೇಡಿ, ಏಕೆಂದರೆ ಅನೇಕ ಆಂಡ್ರಾಯ್ಡ್ ಫೋನುಗಳು ಚಿತ್ರೀಕರಿಸಿದ ದಿನಾಂಕವನ್ನೂ ಗಂಟೆ, ನಿಮಿಷ, ಸೆಕೆಂಡುಗಳನ್ನೂ ಹೆಸರಿನಲ್ಲೇ ಬರೆದಿರುತ್ತವೆ. ನಮ್ಮಲ್ಲಿದ್ದ `VID_20240712_101532.mp4` ಎಂಬ ಫೈಲು 2024ರ ಜುಲೈ 12ರಂದು ಬೆಳಿಗ್ಗೆ 10 ಗಂಟೆ 15 ನಿಮಿಷ 32 ಸೆಕೆಂಡಿನದು. ಸಮಯವನ್ನೇ ಅಳೆಯುವ ಪ್ರಯೋಗದಲ್ಲಿ ಈ ಅಂಕಿಗಳು ಎಷ್ಟು ಉಪಯೋಗಕ್ಕೆ ಬರುತ್ತವೆ ಎಂಬುದನ್ನು ಮುಂದೆ ನೋಡೋಣ. ಕ್ರಮಸಂಖ್ಯೆ ಬೇಕಾದರೆ ಮೂಲ ಹೆಸರಿನ ಮುಂದೆ ಸೇರಿಸಿ, ಉಳಿದದ್ದನ್ನು ಹಾಗೆಯೇ ಬಿಡಿ.

ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಆಗಿ ಬಂದ ಕ್ಲಿಪ್‌ಗಳ ವಿಷಯದಲ್ಲಿ ಎಚ್ಚರ ಬೇಕು. ಅವು `VID-20240712-WA0007.mp4` ಎಂಬ ರೀತಿಯಲ್ಲಿರುತ್ತವೆ. ಇಲ್ಲಿ ಕಾಣುವ ದಿನಾಂಕ ಸಂದೇಶ ಬಂದ ದಿನದ್ದು, ಗಂಟೆ ನಿಮಿಷಗಳು ಇರುವುದೇ ಇಲ್ಲ. ಮೇಲಾಗಿ ಕಳುಹಿಸುವಾಗ ವಿಡಿಯೊ ಕುಗ್ಗಿರುವುದರಿಂದ ಅಳತೆಯ ಜಾಡಿಯ ಗೆರೆಗಳು, ಪುಸ್ತಕದ ಅಕ್ಷರಗಳು ಮಸುಕಾಗಿರಬಹುದು. ಮೂಲ ಕ್ಲಿಪ್ ಇನ್ನೂ ಆ ಫೋನಿನಲ್ಲಿದ್ದರೆ ಅದನ್ನೇ ‘ಡಾಕ್ಯುಮೆಂಟ್’ ಆಗಿ ಕಳುಹಿಸಲು ಹೇಳಿ, ಆಗ ಅದು ಕುಗ್ಗದೆ ಬರುತ್ತದೆ. ನಮ್ಮ ಮರದ ಕೆಳಗಿನ ಕ್ಲಿಪ್‌ಗಳ ಮೂಲ ಅಷ್ಟರಲ್ಲಿ ಅಳಿಸಿಹೋಗಿತ್ತು. ಅವುಗಳ ಸಮಯ ನಮಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡೇ ಮುಂದುವರಿಯಬೇಕಾಯಿತು.

ಎರಡನೆಯ ಹೆಜ್ಜೆ: ನೋಡಿದ್ದನ್ನಷ್ಟೇ ಬರೆಯುವುದು

ಈ ಹೆಜ್ಜೆಗೆ ಎರಡು ಪಿರಿಯಡ್‌ಗಳನ್ನಾದರೂ ಮೀಸಲಿಡಿ, ಉಳಿದ ಕೆಲಸವೆಲ್ಲ ಇದರ ಮೇಲೆ ನಿಂತಿದೆ. ಇಬ್ಬಿಬ್ಬರು ಮಕ್ಕಳಿಗೆ ನಾಲ್ಕೈದು ಕ್ಲಿಪ್ ಕೊಟ್ಟು, ಧ್ವನಿ ಬಂದ್ ಮಾಡಿ, ಪ್ರತಿ ಕ್ಲಿಪ್ಪನ್ನೂ ಮೊದಲಿನಿಂದ ಕೊನೆಯವರೆಗೆ ನೋಡಿ, ತೆರೆಯ ಮೇಲೆ ಕಾಣುವುದನ್ನು ಮಾತ್ರ ಬರೆಯಲು ಹೇಳಿ. ‘ಮೈದಾನದಲ್ಲಿ ನೀರು ನಿಧಾನವಾಗಿ ಇಂಗುತ್ತಿದೆ’ ಎಂದು ಒಂದು ಜೋಡಿ ಬರೆಯಿತು. ಅದೇ ಕ್ಲಿಪ್ಪನ್ನು ನಾನು ಅವರ ಜೊತೆ ಮತ್ತೆ ನೋಡಿದೆ. ಅದರಲ್ಲಿದ್ದದ್ದು ಒಂದು ಬಿಳಿ ಪೈಪು, ಎರಡು ಜೊತೆ ಶೂ, ಒಂದು ಖಾಲಿ ಲೋಟ. ಪಿವಿಸಿ ಪೈಪು ಪಾರದರ್ಶಕವಲ್ಲವಾದ್ದರಿಂದ ಪಕ್ಕದಿಂದ ತೆಗೆದ ಕ್ಲಿಪ್‌ನಲ್ಲಿ ನೀರು ಕಾಣುವುದೇ ಇಲ್ಲ. ಆ ದಿನ ಅಲ್ಲಿದ್ದ ಮಕ್ಕಳಿಗೆ ಪೈಪಿನೊಳಗೆ ಏನಾಗುತ್ತಿತ್ತೆಂದು ಗೊತ್ತಿದ್ದುದರಿಂದ ಅವರ ಕಣ್ಣು ಇಲ್ಲದ ನೀರನ್ನೂ ಕಂಡಿತು. ವಿಡಿಯೊ ನೋಡುವವರಿಗೆ ಆ ಅನುಕೂಲ ಇರುವುದಿಲ್ಲ.

ಹೀಗೆ ಜರಡಿ ಹಿಡಿದಾಗ ನಮ್ಮ 31 ಕ್ಲಿಪ್‌ಗಳಲ್ಲಿ ನೀರಿನ ಮಟ್ಟ ನಿಜವಾಗಿ ಕಾಣುವವು ಪೈಪಿನ ಬಾಯಿಯ ಮೇಲಿಂದ ಕೆಳಮುಖವಾಗಿ ತೆಗೆದ ಆರು ಮಾತ್ರ. ಮಕ್ಕಳಿಗೆ ಬೇಸರವಾಯಿತು, ಆದರೆ ಸ್ಟೋರಿಬೋರ್ಡ್ ಯಾವ ಆರು ಕ್ಲಿಪ್‌ಗಳ ಸುತ್ತ ನಿಲ್ಲಬೇಕೆಂಬುದು ಆ ಗಳಿಗೆಯಲ್ಲೇ ತೀರ್ಮಾನವಾಯಿತು.

ಪ್ರತಿ ಕ್ಲಿಪ್ಪಿಗೂ ಬಳಸಬಹುದಾದ ಭಾಗ ಎಲ್ಲಿಂದ ಎಲ್ಲಿಯವರೆಗೆ ಎಂದು ನಿಮಿಷ, ಸೆಕೆಂಡುಗಳಲ್ಲಿ ಬರೆಯಿರಿ. ಫೋನು ಹಿಡಿದವರು ಗುಂಡಿ ಒತ್ತಿದ ಮೊದಲ ಒಂದೆರಡು ಸೆಕೆಂಡು ಮತ್ತು ನಿಲ್ಲಿಸುವ ಮುಂಚಿನ ಒಂದೆರಡು ಸೆಕೆಂಡು ಚಿತ್ರ ಅಲುಗಾಡಿರುವುದು ವಾಡಿಕೆ, ಹೀಗಾಗಿ ಹತ್ತು ಸೆಕೆಂಡಿನ ಕ್ಲಿಪ್‌ನಲ್ಲಿ ಕೈಗೆ ಸಿಗುವುದು ಆರೇಳು ಸೆಕೆಂಡು. ಮಸುಕಾದ ಕ್ಲಿಪ್ಪನ್ನೂ ಪೂರ್ತಿ ನೋಡದೆ ತಳ್ಳಿಹಾಕಬೇಡಿ. ನಮ್ಮಲ್ಲಿ ಎಲ್ಲರೂ ‘ವೇಸ್ಟ್’ ಎಂದಿದ್ದ ಒಂದು ಕ್ಲಿಪ್ ಇತ್ತು. ಅದರಲ್ಲಿ ಫೋನು ಮರದ ಕೊಂಬೆಯಿಂದ ನೆಲಕ್ಕೆ, ನೆಲದಿಂದ ಒಬ್ಬ ಹುಡುಗಿಯ ಕೈಗೆ ತಿರುಗುತ್ತದೆ. ವಿಎಲ್‌ಸಿ ಪ್ಲೇಯರ್‌ನಲ್ಲಿ `E` ಕೀಲಿಯನ್ನು ಒತ್ತುತ್ತಾ ಒಂದೊಂದೇ ಫ್ರೇಮ್ ಮುಂದೆ ಸಾಗಿದಾಗ, ಏಳನೆಯ ಸೆಕೆಂಡಿನ ಹತ್ತಿರ ಅವಳ ಪ್ರಯೋಗ ಪುಸ್ತಕದ ಪುಟ ಅಲುಗಾಡದೆ ನಿಂತಿತು. ‘ಹೊಂಗೆ ಮರ. ಸುರಿದದ್ದು 10.58. ಇಂಗಿದ್ದು 11.06’ ಎಂಬ ನೀಲಿ ಶಾಯಿಯ ಸಾಲು, ಅದರ ಕೆಳಗೆ ಒದ್ದೆ ಬೆರಳಿನ ಗುರುತು. ಮರದ ಕೆಳಗೆ ನೀರು ಪೂರ್ತಿ ಇಂಗಿದ್ದನ್ನು ಯಾರೂ ಚಿತ್ರೀಕರಿಸಿರಲಿಲ್ಲ. ಇಡೀ ಸಂಗ್ರಹದಲ್ಲಿ ಅದಕ್ಕೆ ಇದ್ದ ಸಾಕ್ಷಿ ಇದೊಂದೇ. `Shift+S` ಒತ್ತಿ ಆ ಫ್ರೇಮನ್ನು ಸ್ಥಿರಚಿತ್ರವಾಗಿ ಉಳಿಸಿಕೊಂಡೆವು.

ಮೂರನೆಯ ಹೆಜ್ಜೆ: ಕ್ಲಿಪ್‌ಗಳು ಎಷ್ಟು ಹೇಳುತ್ತವೋ ಅಷ್ಟನ್ನೇ ವಿಡಿಯೊದ ಮಾತಾಗಿಸುವುದು

ಪಟ್ಟಿ ಮುಗಿದ ಮೇಲೆ ಇಡೀ ವಿಡಿಯೊ ಹೇಳಬೇಕಾದ ಮಾತನ್ನು ಒಂದೇ ವಾಕ್ಯದಲ್ಲಿ ಬರೆಯಿಸಿ. ನಮ್ಮ ಮಕ್ಕಳ ಮೊದಲ ವಾಕ್ಯ ‘ಕಾಂಕ್ರೀಟ್ ಹೆಚ್ಚಿದ್ದರಿಂದ ಬೆಂಗಳೂರಿನ ರಸ್ತೆಗಳಲ್ಲಿ ನೀರು ನಿಲ್ಲುತ್ತದೆ’ ಎಂದಿತ್ತು. ಮಾತೇನೋ ಸರಿಯಿರಬಹುದು, ಆದರೆ ಅದನ್ನು ತೋರಿಸುವ ಒಂದು ಕ್ಲಿಪ್ಪೂ ನಮ್ಮಲ್ಲಿರಲಿಲ್ಲ. ಕಾಂಕ್ರೀಟಿನ ಮೇಲೆ ಪ್ರಯೋಗ ನಡೆದೇ ಇರಲಿಲ್ಲ. ಎರಡನೆಯ ವಾಕ್ಯ ‘ಗೊಬ್ಬರ ಹಾಕಿದರೆ ನೀರು ಬೇಗ ಇಂಗುತ್ತದೆ’ ಎಂದಾಯಿತು. ಪಾತಿಗೆ ಗೊಬ್ಬರವನ್ನೂ ಹಾಕಿದ್ದರು, ಅದನ್ನು ಅಗೆದೂ ಇದ್ದರು, ಇವೆರಡರಲ್ಲಿ ಯಾವುದರಿಂದ ಎಷ್ಟು ವ್ಯತ್ಯಾಸವಾಯಿತೆಂದು ಈ ಪ್ರಯೋಗ ಬಿಡಿಸಿ ಹೇಳಲಾರದು. ಕೊನೆಗೆ ನಿಂತ ವಾಕ್ಯ ಇದು: ‘ನಮ್ಮ ಶಾಲೆಯ ಆವರಣದಲ್ಲೇ ಮೂರು ಕಡೆ ಸುರಿದ ಒಂದೇ ಪ್ರಮಾಣದ ನೀರು ಇಂಗಲು ಬೇರೆಬೇರೆ ಹೊತ್ತು ತೆಗೆದುಕೊಂಡಿತು.’ ಇದರ ಒಂದೊಂದು ಪದಕ್ಕೂ ಎದುರಿಗೆ ಒಂದು ಕ್ಲಿಪ್ಪಿನ ಸಂಖ್ಯೆ ಬರೆಯಲು ಸಾಧ್ಯವಾಯಿತು. ಬರೆಯಲಾಗದ ಪದವಿದ್ದರೆ ವಾಕ್ಯವನ್ನು ತಿದ್ದಬೇಕು.

ಸುದ್ದಿವಾಹಿನಿಗಳ ಪ್ರವಾಹದ ದೃಶ್ಯವನ್ನು ಇಂಟರ್‌ನೆಟ್ಟಿನಿಂದ ಇಳಿಸಿಕೊಂಡು ಸೇರಿಸೋಣ ಎಂಬ ಸಲಹೆಯೂ ಬಂತು. ಅದು ತರಗತಿ ಚಿತ್ರೀಕರಿಸಿದ್ದಲ್ಲ, ಬಳಸಲು ನಮಗೆ ಅನುಮತಿಯೂ ಇಲ್ಲ. ಅದರ ಬದಲು, ಒಬ್ಬ ಹುಡುಗ ಪ್ರಯೋಗಕ್ಕೆ ಮುಂಚೆಯೇ ಒಂದು ಮಳೆಯ ಮರುದಿನ ಕಾರಿಡಾರಿನಿಂದ ತೆಗೆದಿದ್ದ ಕ್ಲಿಪ್ ಸಿಕ್ಕಿತು: ಮೈದಾನದ ಅದೇ ಮೂಲೆಯಲ್ಲಿ ಕೆಂಪು ನೀರು ನಿಂತಿದೆ, ಪಕ್ಕದ ಪಾತಿಯಲ್ಲಿ ನಿಂತಿಲ್ಲ. ವಿಡಿಯೊದ ಆರಂಭಕ್ಕೆ ಇದಕ್ಕಿಂತ ಒಳ್ಳೆಯ ದೃಶ್ಯ ಬೇಕಿರಲಿಲ್ಲ.

ನಾಲ್ಕನೆಯ ಹೆಜ್ಜೆ: ಕಾರ್ಡ್ ಬರೆಯುವುದು

ಎ4 ಹಾಳೆಯನ್ನು ನಾಲ್ಕು ತುಂಡು ಮಾಡಿದರೆ ಕಾರ್ಡಿಗೆ ಸರಿಯಾದ ಅಳತೆ ಸಿಗುತ್ತದೆ. ಒಂದು ಕಾರ್ಡಿಗೆ ಒಂದೇ ದೃಶ್ಯ. ಎಡಭಾಗದಲ್ಲಿ ಕ್ಲಿಪ್ಪಿನ ಒಂದು ಫ್ರೇಮನ್ನು ನೋಡಿಕೊಂಡು ಪೆನ್ಸಿಲ್ಲಿನಲ್ಲಿ ಬಿಡಿಸಬೇಕು. ಮನಸ್ಸಿನಲ್ಲಿರುವ ಚಿತ್ರವನ್ನು ಬಿಡಿಸಿದರೆ ಸ್ಟೋರಿಬೋರ್ಡ್ ಚೆನ್ನಾಗಿ ಕಾಣುತ್ತದೆ, ಆದರೆ ಎಡಿಟಿಂಗ್‌ಗೆ ಕುಳಿತಾಗ ಆ ದೃಶ್ಯ ಎಲ್ಲೂ ಇರುವುದಿಲ್ಲ. ಬಲಭಾಗದಲ್ಲಿ ಬರಹ. ನಮ್ಮ ಒಂದು ಕಾರ್ಡ್ ಹೀಗಿತ್ತು:

ಕಾರ್ಡ್ 14. ಕ್ಲಿಪ್ 22, 0:11ರಿಂದ 0:18. ಅವಧಿ 7 ಸೆಕೆಂಡು.
ಕಾಣುವುದು: ಪೈಪಿನ ಮೇಲೆ ಹಲಗೆಯ ತುಂಡು ಇಟ್ಟು ಕಲ್ಲಿನಿಂದ ಬಡಿಯುತ್ತಾರೆ, ಪೈಪು ಸ್ವಲ್ಪಸ್ವಲ್ಪವೇ ಇಳಿಯುತ್ತದೆ.
ಕೇಳುವುದು: ‘ಪಾತಿಯಲ್ಲಿ ಕೈ ಒತ್ತಿದರೆ ಇಳಿದ ಪೈಪು, ಇಲ್ಲಿ ಕಲ್ಲಿನಿಂದ ಬಡಿದ ಮೇಲೆ ಇಳಿಯಿತು.’
ಗುರುತು: ಹಸಿರು.

ಗುರುತಿನ ಬಣ್ಣಗಳು ಮೂರು. ಹೇಳುವ ಮಾತು ಚಿತ್ರದಲ್ಲೇ ಕಂಡರೆ ಹಸಿರು, ಅರ್ಧ ಕಂಡು ಅರ್ಧ ಮಾತಿನಿಂದ ತುಂಬಬೇಕಾದರೆ ಹಳದಿ, ಚಿತ್ರದಲ್ಲಿ ಏನೂ ಇಲ್ಲದೆ ಬರಹದಿಂದಲೇ ಹೇಳಬೇಕಾದರೆ ಕೆಂಪು. ಎಲ್ಲ ಕಾರ್ಡುಗಳನ್ನು ಬೆಂಚಿನ ಮೇಲೆ ಸಾಲಾಗಿ ಹರಡಿದಾಗ ಕೆಂಪು ಎಲ್ಲೆಲ್ಲಿ ಗುಂಪುಗೂಡಿದೆ ಎಂಬುದು ದೂರದಿಂದಲೇ ತಿಳಿಯುತ್ತದೆ.

ಈ 14ನೆಯ ಕಾರ್ಡಿನ ಬಗ್ಗೆ ಇನ್ನೊಂದು ಮಾತು. ಆ ಕ್ಲಿಪ್ಪನ್ನು ಮಕ್ಕಳು ತೆಗೆದದ್ದು ಕೇವಲ ತಮಾಷೆಗಾಗಿ, ಬಡಿಯುವವನನ್ನು ನೋಡಿ ಉಳಿದವರು ನಗುತ್ತಿದ್ದರು. ಆದರೆ ಮೈದಾನದ ಮಣ್ಣು ತುಳಿತಕ್ಕೆ ಸಿಕ್ಕಿ ಗಟ್ಟಿಯಾಗಿದೆ, ಕಣಗಳ ನಡುವಿನ ಸಂದುಗಳು ಕುಗ್ಗಿರುವುದರಿಂದ ನೀರಿಗೆ ಇಳಿಯಲು ದಾರಿ ಕಡಿಮೆ ಎಂಬ ವಿವರಣೆಗೆ ನಮ್ಮಲ್ಲಿದ್ದ ಒಂದೇ ದೃಶ್ಯ ಅದು. ಇರುವ ಕ್ಲಿಪ್‌ಗಳಿಂದ ಕೆಲಸ ಮಾಡುವಾಗ, ಒಂದು ಕ್ಲಿಪ್ಪನ್ನು ಯಾವುದಕ್ಕೆಂದು ತೆಗೆದಿದ್ದರು ಎಂಬುದನ್ನು ಮರೆತು, ಅದರಲ್ಲಿ ಬೇರೇನು ಕಾಣುತ್ತದೆ ಎಂದು ಪ್ರತಿ ಸಲವೂ ಕೇಳಿಕೊಳ್ಳಬೇಕು.

ಐದನೆಯ ಹೆಜ್ಜೆ: ಹೊಂದಿಕೆಯಾಗದ ಕ್ಲಿಪ್‌ಗಳನ್ನು ಹಿಡಿಯುವುದು

ಮೈದಾನದಲ್ಲಿ ನೀರು ಸುರಿಯುವ ಎರಡು ಕ್ಲಿಪ್‌ಗಳಿದ್ದವು. ಒಂದರಲ್ಲಿ ಯಾರದೋ ತಲೆಯ ನೆರಳು ಪೈಪಿನ ಮೇಲೆ ಬಿದ್ದಿದೆ. ಇನ್ನೊಂದರಲ್ಲಿ ಬಿಸಿಲು ಸರಿಯಾಗಿ ಬಿದ್ದು ನೀರಿನ ಧಾರೆ ಹೊಳೆಯುತ್ತದೆ. ಮಕ್ಕಳೆಲ್ಲ ಎರಡನೆಯದನ್ನೇ ಆರಿಸಿದರು. ಕಾರ್ಡಿಗೆ ಚಿತ್ರ ಬಿಡಿಸುತ್ತಿದ್ದ ಹುಡುಗಿ ಮಾತ್ರ ತಡೆದಳು. “ಮಿಸ್, ಇದರಲ್ಲಿ ಪೈಪಿನ ಸುತ್ತ ಮಣ್ಣು ಕಪ್ಪಗಿದೆ. ನೀರು ಹಾಕೋಕೆ ಮುಂಚೆನೇ ಹೇಗೆ ಒದ್ದೆ ಆಯ್ತು?” ಎಂದು ಕೇಳಿದಳು. ಅವಳು ಹೇಳಿದ್ದು ಸರಿಯಾಗಿತ್ತು. ಪೈಪಿನ ಬುಡದ ಸುತ್ತ ಎರಡು ಬೆರಳಗಲದ ಒದ್ದೆಯ ಉಂಗುರ ಸ್ಪಷ್ಟವಾಗಿ ಕಾಣುತ್ತಿತ್ತು. ಫೈಲಿನ ಹೆಸರು ನೋಡಿದಾಗ ಸಮಯ 10.52, ಅಂದರೆ ಮೊದಲ ಅಳತೆ ಮುಗಿದ ಮೇಲೆ ಅದೇ ಜಾಗದಲ್ಲಿ ಎರಡನೆಯ ಸಲ ಸುರಿದದ್ದು.

ಇದು ಅಂದಚೆಂದದ ಪ್ರಶ್ನೆಯಲ್ಲ. ಒಮ್ಮೆ ನೀರು ಕುಡಿದ ಮಣ್ಣು ಎರಡನೆಯ ಸಲ ಸಾಮಾನ್ಯವಾಗಿ ನಿಧಾನವಾಗಿ ನೀರನ್ನು ಎಳೆದುಕೊಳ್ಳುತ್ತದೆ, ಏಕೆಂದರೆ ಸಂದುಗಳಲ್ಲಿ ಆಗಲೇ ನೀರು ತುಂಬಿರುತ್ತದೆ. ಎರಡನೆಯ ಸುರಿತದ ಚಿತ್ರವನ್ನು ತೋರಿಸಿ ಮೊದಲನೆಯ ಸುರಿತದ ಅಳತೆಯನ್ನು ಹೇಳಿದರೆ, ಒಂದು ಪ್ರಯೋಗದ ಚಿತ್ರಕ್ಕೆ ಇನ್ನೊಂದರ ಫಲಿತಾಂಶ ಅಂಟಿಸಿದಂತಾಗುತ್ತದೆ. ನೆರಳು ಬಿದ್ದ ಕ್ಲಿಪ್ಪನ್ನೇ ಉಳಿಸಿಕೊಂಡೆವು. ಹೊಳೆಯುವ ಕ್ಲಿಪ್ಪನ್ನು ‘ಪ್ರಯೋಗದ ವಿಧಾನ’ ಎಂದು ಬೇರೆಡೆ ಹಾಕೋಣವೇ ಎಂಬ ಮಾತು ಬಂತು, ನಾನು ಒಪ್ಪಲಿಲ್ಲ. ಅದೇ ಜಾಗ, ಅದೇ ಪೈಪು ಮತ್ತೆ ಕಂಡಾಗ ನೋಡುವವರು ಅದನ್ನೂ ಅಳತೆಯ ಭಾಗವೆಂದೇ ತಿಳಿಯುತ್ತಾರೆ.

ಇಂಥ ತಪ್ಪುಗಳನ್ನು ಹಿಡಿಯಲು ಅಕ್ಕಪಕ್ಕ ಬರುವ ಎರಡು ಕಾರ್ಡುಗಳ ಫ್ರೇಮುಗಳನ್ನು ತೆರೆಯ ಮೇಲೆ ಜೊತೆಯಾಗಿ ಇಟ್ಟು ನೋಡಿ. ಮಣ್ಣಿನ ಬಣ್ಣ, ನೆರಳು ಬಿದ್ದ ದಿಕ್ಕು, ಪೈಪು ನೆಲದಿಂದ ಎಷ್ಟು ಮೇಲಿದೆ, ಪಕ್ಕದಲ್ಲಿ ಬಿದ್ದಿರುವ ಎಲೆ ಅಥವಾ ಕಲ್ಲು, ಇಷ್ಟನ್ನು ಹೋಲಿಸಿದರೆ ಸಾಕು.

ಸಮಯದ ಲೆಕ್ಕವನ್ನೂ ಇದೇ ಹಂತದಲ್ಲಿ ತಾಳೆ ನೋಡಬೇಕು. ಮೈದಾನದ ಅಳತೆಗೆ 20 ನಿಮಿಷ ಎಂದು ಪುಸ್ತಕದಲ್ಲಿ ಬರೆದಿದ್ದರು. ಆರಂಭದ ಕ್ಲಿಪ್ 10:15:32ಕ್ಕೆ ಶುರುವಾಗಿ, ಅದರ 22ನೆಯ ಸೆಕೆಂಡಿನಲ್ಲಿ ಸುರಿಯುವುದು ಮುಗಿಯುತ್ತದೆ, ಅಂದರೆ 10:15:54. ಕೊನೆಯ ಕ್ಲಿಪ್ 10:34:02ಕ್ಕೆ ಶುರುವಾಗಿ, 31ನೆಯ ಸೆಕೆಂಡಿನಲ್ಲಿ ನೀರು ಕಣ್ಮರೆಯಾಗುತ್ತದೆ, ಅಂದರೆ 10:34:33. ನಡುವಿನ ಅಂತರ 18 ನಿಮಿಷ 39 ಸೆಕೆಂಡು. ಪುಸ್ತಕ ಬರೆದವನು ಗಡಿಯಾರದಲ್ಲಿ 10.15 ಮತ್ತು 10.35 ಎಂದು ಓದಿ ಕಳೆದಿದ್ದ. ಕ್ಲಿಪ್ಪಿನ ಲೆಕ್ಕವನ್ನು ತೆಗೆದುಕೊಂಡು ‘ಸುಮಾರು 19 ನಿಮಿಷ’ ಎಂದು ಬರೆದೆವು, ಪುಸ್ತಕದಲ್ಲಿದ್ದ ಅಂಕಿಯನ್ನು ಅಳಿಸದೆ ಪಕ್ಕದಲ್ಲಿ ತಿದ್ದುಪಡಿ ಸೇರಿಸಿದೆವು. ಹೀಗೆ ಲೆಕ್ಕ ಹಾಕುವ ಮುನ್ನ, ಆ ಫೋನು ಫೈಲಿನ ಹೆಸರಿನಲ್ಲಿ ಬರೆಯುವುದು ಚಿತ್ರೀಕರಣ ಶುರುವಾದ ಸಮಯವೋ ಮುಗಿದ ಸಮಯವೋ ಎಂದು ಪರೀಕ್ಷಿಸಿ. ಗಡಿಯಾರ ನೋಡಿಕೊಂಡು ಒಂದು ನಿಮಿಷದ ಕ್ಲಿಪ್ ತೆಗೆದು ಹೆಸರು ಓದಿದರೆ ತಿಳಿಯುತ್ತದೆ. ಆ ಪರೀಕ್ಷೆಯ ಕ್ಲಿಪ್ ವಿಡಿಯೊಗೆ ಸೇರುವುದಿಲ್ಲ, ಆದ್ದರಿಂದ ನಿಯಮ ಮುರಿದಂತಾಗುವುದಿಲ್ಲ.

ಆರನೆಯ ಹೆಜ್ಜೆ: ಚಿತ್ರೀಕರಿಸದೆ ಬಿಟ್ಟ ಹೊತ್ತನ್ನು ತೋರಿಸುವುದು

ನಮ್ಮ ದೊಡ್ಡ ಕೊರತೆ ಇಲ್ಲಿತ್ತು. ಪಾತಿಯ ಅಳತೆ ಮಾತ್ರ ಆರಂಭದಿಂದ ಕೊನೆಯವರೆಗೆ ಒಂದೇ ಕ್ಲಿಪ್‌ನಲ್ಲಿತ್ತು, ಅದಕ್ಕೆ 4 ನಿಮಿಷ ಹಿಡಿದಿತ್ತು. ಮೈದಾನದಲ್ಲಿ ಆರಂಭ ಮತ್ತು ಕೊನೆ ಇದ್ದವು, ನಡುವಿನದಿಲ್ಲ. ಮರದ ಕೆಳಗೆ ಆರಂಭವಿತ್ತು, ಕೊನೆಗೆ ಪುಸ್ತಕದ ಸಾಲು ಮಾತ್ರ.

ಮೊದಲು ಹೊಳೆಯುವ ಉಪಾಯವೆಂದರೆ ಪಾತಿಯ ಉದ್ದ ಕ್ಲಿಪ್ಪನ್ನು ವೇಗವಾಗಿ ಓಡಿಸುವುದು. 20 ಪಟ್ಟು ವೇಗದಲ್ಲಿ 4 ನಿಮಿಷ 12 ಸೆಕೆಂಡಾಗುತ್ತದೆ. ಆದರೆ ಪಾತಿಯ ನೀರನ್ನು ಹೀಗೆ ಓಡಿಸಿ ಮೈದಾನದ ನೀರನ್ನು ಸಹಜ ವೇಗದಲ್ಲಿ ತೋರಿಸಿದರೆ, ಎರಡರ ವ್ಯತ್ಯಾಸ ಇದ್ದದ್ದಕ್ಕಿಂತ ಎಷ್ಟೋ ಪಾಲು ದೊಡ್ಡದಾಗಿ ಕಾಣುತ್ತದೆ. ಮೂರನ್ನೂ ಒಂದೇ ಪಟ್ಟಿನಲ್ಲಿ ಓಡಿಸಲು ಸಾಧ್ಯವಿದ್ದರೆ ಮಾತ್ರ ವೇಗ ಬದಲಿಸಬೇಕು, ಆಗಲೂ ಎಷ್ಟು ಪಟ್ಟು ಎಂದು ತೆರೆಯ ಮೇಲೆ ಬರೆಯಬೇಕು. ನಮಗೆ ಅದು ಸಾಧ್ಯವಿಲ್ಲದ್ದರಿಂದ ಯಾವುದನ್ನೂ ಓಡಿಸಲಿಲ್ಲ.

ಬದಲಿಗೆ ಮೂರಕ್ಕೂ ಒಂದೇ ರಚನೆ ಕೊಟ್ಟೆವು. ಸುರಿಯುವ ದೃಶ್ಯ 6 ಸೆಕೆಂಡು, ಆಮೇಲೆ ಕಾಯುವ ಹೊತ್ತಿಗೆ ಸರಳ ಬಣ್ಣದ ಖಾಲಿ ತೆರೆ, ಅದರ ಮೇಲೆ ನಿಮಿಷಗಳು ಒಂದೊಂದಾಗಿ ಏರುವ ಅಂಕಿ, ಆಮೇಲೆ ಕೊನೆಯ ದೃಶ್ಯ. ಖಾಲಿ ತೆರೆಯ ಅವಧಿಗೆ ಒಂದು ಪ್ರಮಾಣ ಇಟ್ಟುಕೊಂಡೆವು: ನಿಜವಾದ ಒಂದು ನಿಮಿಷಕ್ಕೆ ವಿಡಿಯೊದಲ್ಲಿ ಅರ್ಧ ಸೆಕೆಂಡು. ಪಾತಿಗೆ 2 ಸೆಕೆಂಡು, ಮರಕ್ಕೆ 4 ಸೆಕೆಂಡು, ಮೈದಾನಕ್ಕೆ 9.5 ಸೆಕೆಂಡು. ಮೈದಾನದ ಖಾಲಿ ತೆರೆ ತೀರ ಉದ್ದವಾಯಿತೆಂದು ಕೆಲವು ಮಕ್ಕಳಿಗೆ ಅನಿಸಿತು. ನಾನು ಅದನ್ನು ಕತ್ತರಿಸಲು ಬಿಡಲಿಲ್ಲ, ಏಕೆಂದರೆ ನೋಡುವವರು ‘ಇನ್ನೂ ಆಗಿಲ್ಲವೇ’ ಎಂದುಕೊಳ್ಳುವ ಆ ಕ್ಷಣದಲ್ಲಿಯೇ ಅಳತೆ ಅವರಿಗೆ ಅರ್ಥವಾಗುತ್ತದೆ.

ಮರದ ವಿಷಯದಲ್ಲಿ ಕೊನೆಯ ದೃಶ್ಯವಾಗಿ ಪುಸ್ತಕದ ಸ್ಥಿರಚಿತ್ರವನ್ನು 7 ಸೆಕೆಂಡು ಇಟ್ಟೆವು. ಬೇರೆ ಜಾಗದ ‘ನೀರು ಇಂಗಿದ’ ಚಿತ್ರವನ್ನು ಅಲ್ಲಿ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಒಬ್ಬ ಹೇಳಿದ. ಒಣಗಿದ ಹೊಂಗೆ ಎಲೆಗಳಿಲ್ಲದ ನೆಲವನ್ನು ನೋಡಿದ ಯಾರಿಗಾದರೂ ಅದು ಗೊತ್ತಾಗುತ್ತದೆ. ಗೊತ್ತಾಗದಿದ್ದರೂ ಹಾಗೆ ಮಾಡಬಾರದು, ಅದು ಸುಳ್ಳು ದಾಖಲೆಯಾಗುತ್ತದೆ.

ಏಳನೆಯ ಹೆಜ್ಜೆ: ಮಾತನ್ನು ಅವಧಿಗೆ ಹೊಂದಿಸುವುದು

ಮೈದಾನದಲ್ಲಿ ತೆಗೆದ ಕ್ಲಿಪ್‌ಗಳಲ್ಲಿ ಗಾಳಿ, ವಾಹನಗಳ ಹಾರ್ನ್, ಪಕ್ಕದ ತರಗತಿಯ ಗಲಾಟೆ ತುಂಬಿರುತ್ತದೆ. ನೀರು ಸುರಿಯುವ ಸದ್ದನ್ನು ಬಿಟ್ಟು ಉಳಿದ ಧ್ವನಿಯನ್ನು ತೆಗೆದು, ನಿರೂಪಣೆಯನ್ನು ಹೊಸದಾಗಿ ಧ್ವನಿಮುದ್ರಿಸಿಕೊಳ್ಳಬಹುದು. ನಮ್ಮ ನಿರ್ಬಂಧ ಇದ್ದದ್ದು ದೃಶ್ಯಗಳಿಗೆ ಮಾತ್ರ. ನಿರೂಪಣೆ ಓದುವ ವಿದ್ಯಾರ್ಥಿಗೆ ಅರವತ್ತು ಪದಗಳ ಒಂದು ಪ್ಯಾರಾ ಕೊಟ್ಟು ಸ್ಟಾಪ್‌ವಾಚ್ ಹಿಡಿಯಿರಿ. ನಮ್ಮ ಹುಡುಗಿಗೆ 40 ಸೆಕೆಂಡು ಬೇಕಾಯಿತು, ಅಂದರೆ ಸೆಕೆಂಡಿಗೆ ಒಂದೂವರೆ ಪದ. ಏಳು ಸೆಕೆಂಡಿನ ಕಾರ್ಡಿಗೆ ಹತ್ತು ಪದ ಮಾತ್ರ ಹಿಡಿಯುತ್ತದೆ. 14ನೆಯ ಕಾರ್ಡಿನ ಮಾತನ್ನು ಎಣಿಸಿದರೆ ಸರಿಯಾಗಿ ಹತ್ತು ಪದಗಳಿವೆ. ಮಾತು ಹೆಚ್ಚಾದರೆ ಮಾತನ್ನೇ ಕಡಿಮೆ ಮಾಡಿ. ಅಲುಗಾಡುವ ಭಾಗವನ್ನು ಸೇರಿಸಿ ಕ್ಲಿಪ್ಪನ್ನು ಎಳೆಯಬೇಡಿ.

ಉದ್ದಕ್ಕೆ ಹಿಡಿದು ತೆಗೆದ ಕ್ಲಿಪ್ ಬಂದರೆ ತೆರೆಯ ತುಂಬ ಹಿಗ್ಗಿಸದೆ, ನಡುವೆ ಇಟ್ಟು ಎರಡೂ ಬದಿಯನ್ನು ಖಾಲಿ ಬಿಡಲು ಕಾರ್ಡಿನಲ್ಲೇ ಬರೆಯಿರಿ. ಅಳತೆಯ ಜಾಡಿಯ ಕ್ಲಿಪ್ಪನ್ನು ನಾವು ಮೊದಲು ಹಿಗ್ಗಿಸಿದ್ದೆವು, 200 ಎಂಬ ಅಂಕಿಯೇ ಚೌಕಟ್ಟಿನ ಹೊರಗೆ ಹೋಗಿತ್ತು. ಮುಖ ಕಾಣುವ ಕ್ಲಿಪ್‌ಗಳಿಗೆ ಪೋಷಕರ ಒಪ್ಪಿಗೆ ಪಡೆಯಬೇಕು. ಕೈಗಳು ಮಾತ್ರ ಕಾಣುವ ಕ್ಲಿಪ್ ಇದ್ದರೆ ಅದನ್ನೇ ಆರಿಸುವುದು ಸುಲಭ.

ಬೆಂಚಿನ ಮೇಲೆ ನಿಂತ ಕೊನೆಯ ಕ್ರಮ

ಕೊನೆಗೆ 17 ಕಾರ್ಡುಗಳು ಉಳಿದವು, ಹನ್ನೊಂದು ಕ್ಲಿಪ್‌ಗಳದು, ಆರು ಬರಹದ ತೆರೆಗಳದು, ಒಟ್ಟು ಅವಧಿ ಎರಡು ನಿಮಿಷಕ್ಕೆ ಸ್ವಲ್ಪ ಕಡಿಮೆ. ಮೈದಾನದಲ್ಲಿ ನಿಂತ ಮಳೆನೀರು, ‘ಇಲ್ಲಿ ನಿಂತ ನೀರು ಅಲ್ಲಿ ಏಕೆ ನಿಲ್ಲಲಿಲ್ಲ?’ ಎಂಬ ಪ್ರಶ್ನೆ, ಪಾತಿಯಲ್ಲಿ ಪೈಪು ಇಳಿಸುವುದು, ಜಾಡಿಯಲ್ಲಿ 200 ಮಿ.ಲೀ. ಅಳೆಯುವುದು, ಆಮೇಲೆ ಪಾತಿ, ಮರ, ಮೈದಾನ ಒಂದೊಂದಕ್ಕೂ ಮೂರು ಕಾರ್ಡು, ನಂತರ ಕಲ್ಲಿನಿಂದ ಬಡಿಯುವ ದೃಶ್ಯ. ಅದಾದ ಮೇಲೆ ಫಲಿತಾಂಶದ ತೆರೆ: ಪಾತಿಯಲ್ಲಿ ನಿಮಿಷಕ್ಕೆ 50 ಮಿ.ಲೀ., ಮರದ ಕೆಳಗೆ ಸುಮಾರು 25, ಮೈದಾನದಲ್ಲಿ ಸುಮಾರು 10.5. ಅದಕ್ಕೆ ಅಂಟಿಕೊಂಡೇ ಮಿತಿಗಳ ತೆರೆ ಬರಬೇಕು, ಅಲ್ಲಿ ಪ್ರತಿ ಜಾಗದಲ್ಲೂ ಒಂದೇ ಸಲ ಅಳೆದದ್ದನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದೇವೆ ಎಂದೂ, ಮರದ ಕೆಳಗಿನ ಸಮಯವನ್ನು ಗಡಿಯಾರದಲ್ಲಿ ಇಡೀ ನಿಮಿಷಗಳಲ್ಲಿ ಓದಿದ್ದರಿಂದ ಅದು ಒಂದು ನಿಮಿಷ ಆಚೀಚೆ ಇರಬಹುದು ಎಂದೂ ಬರೆದೆವು. ಕೊನೆಯಲ್ಲಿ ಮತ್ತೆ ಅದೇ ಮಳೆನೀರು, ಈ ಸಲ ಮಾತಿಲ್ಲದೆ.

ಎಡಿಟಿಂಗ್‌ಗೆ ಕಳಿಸುವ ಮುಂಚೆ ಒಂದು ಪರೀಕ್ಷೆ ಉಳಿದಿರುತ್ತದೆ. ಪ್ರಯೋಗದ ದಿನ ಅಲ್ಲಿರದ ಒಬ್ಬರನ್ನು ಕರೆದು, ಕಾರ್ಡುಗಳನ್ನು ಕ್ರಮವಾಗಿ ಒಂದೊಂದೇ ಮುಂದಿಡುತ್ತಾ ಮಾತನ್ನು ಓದಿ ಹೇಳಿ, ಆಮೇಲೆ ‘ಏನು ಕಂಡಿರಿ’ ಎಂದು ಕೇಳಬೇಕು. ನಾವು ಬಿ ಸೆಕ್ಷನ್ನಿನ ಒಬ್ಬ ಹುಡುಗನನ್ನು ಕರೆದೆವು. “ಮರದ ಹತ್ರ ನೀರು ಇಂಗಿದ್ದು ನಾನು ನೋಡ್ಲಿಲ್ಲ, ಪುಸ್ತಕ ನೋಡಿದೆ,” ಎಂದ. ಹತ್ತನೆಯ ಕಾರ್ಡಿನ ಮಾತು ಆಗ ‘ಎಂಟು ನಿಮಿಷಕ್ಕೆ ನೀರು ಇಂಗಿತು’ ಎಂದಿತ್ತು. ಅದನ್ನು ಹೊಡೆದುಹಾಕಿ ‘ಎಂಟು ನಿಮಿಷಕ್ಕೆ ಇಂಗಿತೆಂದು ಪ್ರಯೋಗ ಪುಸ್ತಕದಲ್ಲಿ ಬರೆದುಕೊಂಡಿದ್ದೇವೆ’ ಎಂದು ತಿದ್ದಿ, ಕಾರ್ಡಿನ ಹಸಿರು ಗುರುತನ್ನು ಹಳದಿಗೆ ಬದಲಿಸಿ, ಹದಿನೇಳನ್ನೂ ಕ್ರಮಸಂಖ್ಯೆಯಂತೆ ಜೋಡಿಸಿ ಕ್ಲಿಪ್ಪಿನ ಪಟ್ಟಿಯೊಂದಿಗೆ ಪಿನ್ ಮಾಡಿ, ಎಡಿಟಿಂಗ್ ಮಾಡುವ ಗುಂಪಿಗೆ ಕೊಟ್ಟೆವು.